ಬಿಸಿಸಿಯಲ್ಲಿದ್ದ ಮ್ಯಾನೇಜರ್ ರಿಪ್ಲೈ ಆಲ್ ಒತ್ತಿಬಿಟ್ಟರು. ಎದುರಿನವರಿಗೆ ಏನೇನು ಗೊತ್ತಾಗಿರುತ್ತದೆ?

ಲೆಕ್ಕದಪುಸ್ತಕ

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಸಣ್ಣ ಮಷೀನ್ ಶಾಪಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮಗೆ ಬೆಳಗಾವಿಯ ಒಂದು ಫೌಂಡ್ರಿಯಿಂದ ಕಾಸ್ಟಿಂಗ್ ಬರುತ್ತದೆ. ಹೋದ ಲೋಡಿನ ಕೆಲವು ಪೀಸುಗಳಲ್ಲಿ ಬ್ಲೋಹೋಲ್ ಇತ್ತು. ರಿಜೆಕ್ಟ್ ಆದಷ್ಟಕ್ಕೆ ಡೆಬಿಟ್ ನೋಟ್ ಹಾಕುತ್ತೇವೆ, ಉಳಿದ ಹಣ ಮಾಮೂಲಿ ದಿನಕ್ಕೇ ಬರುತ್ತದೆ ಅಂತ ಫೌಂಡ್ರಿಯ ಸೇಲ್ಸ್‌ನವರಿಗೆ ಮೇಲ್ ಬರೆದೆ. ಟು-ನಲ್ಲಿ ಅವರು. ಸಿಸಿಯಲ್ಲಿ ನಮ್ಮ ಸ್ಟೋರ್ಸ್. ಮ್ಯಾನೇಜರ್ "ನನ್ನನ್ನು ಬಿಸಿಸಿಯಲ್ಲಿ ಹಾಕಮ್ಮ, ಸುಮ್ನೆ ನೋಡ್ತಿರ್ತೀನಿ" ಅಂದಿದ್ದರು. ಅವರ ಜೊತೆ ನಮ್ಮ ಆಡಿಟರ್ ವಿಳಾಸವೂ ಬಿಸಿಸಿಯಲ್ಲಿತ್ತು.

ಸಂಜೆ ಮ್ಯಾನೇಜರ್ ಫೋನಿನಿಂದ ಉತ್ತರ ಹಾಕಿದರು. ನನಗೊಬ್ಬಳಿಗೇ ಹೋಗುತ್ತದೆ ಅಂದುಕೊಂಡಿದ್ದರಂತೆ. "ಡೆಬಿಟ್ ನೋಟ್ ಸಾಲದು. ಇವರ ಪೇಮೆಂಟ್ ಇನ್ನೊಂದು ತಿಂಗಳು ಹಿಡಿದಿಡು. ಕೊಯಮತ್ತೂರಿನವರ ಹತ್ತಿರ ರೇಟ್ ಕೇಳಿದ್ದೇನೆ." ಹೋಗಿದ್ದು ರಿಪ್ಲೈ ಆಲ್. ಫೌಂಡ್ರಿಯವರ ಇನ್‌ಬಾಕ್ಸಿಗೂ ಬಿತ್ತು.

ಮಾರನೇ ದಿನ ಬೆಳಿಗ್ಗೆ ಅವರ ಫೋನ್. "ನಿಮ್ಮ ಸಾಹೇಬ್ರು ಮೊದಲಿಂದನೂ ಇದನ್ನ ನೋಡಾಕತ್ತಿದ್ರೇನ್ರಿ? ಮತ್ತ ಯಾರ್ಯಾರ್ ಅದಾರ ಇದರಾಗ?" ಆಮೇಲೆ ಫೋನ್ ಮಾಡುತ್ತೇನೆ ಸರ್ ಅಂತ ಹೇಳಿ ಇಟ್ಟೆ.

ನನಗೆ ಗೊತ್ತಾಗಬೇಕಿರುವುದು ಇಷ್ಟು. ಆಡಿಟರ್ ವಿಳಾಸವೂ ಅವರಿಗೆ ಕಂಡಿದೆಯಾ? ಮ್ಯಾನೇಜರ್ ಬರೆದ ಉತ್ತರ ಆಡಿಟರಿಗೂ ಹೋಗಿದೆಯಾ? ಮ್ಯಾನೇಜರ್ ಬಿಸಿಸಿಯಲ್ಲಿದ್ದರು ಅಂತ ಅವರು ಖಚಿತವಾಗಿ ಹೇಳಬಹುದಾ? ಅಥವಾ ನಾನು ಆಮೇಲೆ ಫಾರ್ವರ್ಡ್ ಮಾಡಿದ್ದೆ ಅಂದರೆ ನಂಬುವ ಹಾಗಿದೆಯಾ?

ಕೆರೆಏರಿ

ಅಯ್ಯೋ ಪಾಪ. ರಿಪ್ಲೈ ಆಲ್ ಅಂದರೆ ಹೆಸರೇ ಹೇಳುವ ಹಾಗೆ ಎಲ್ಲರಿಗೂ. ಟು, ಸಿಸಿ, ಬಿಸಿಸಿ ಮೂರರಲ್ಲಿದ್ದವರಿಗೂ ಹೋಗಿರುತ್ತದೆ. ಆಡಿಟರಿಗೂ ಹೋಗಿದೆ, ಫೌಂಡ್ರಿಯವರಿಗೆ ಆಡಿಟರ್ ವಿಳಾಸವೂ ಕಂಡಿದೆ ಅಂತಲೇ ಇಟ್ಟುಕೊಳ್ಳಿ.

ಇದಕ್ಕೇ ನಾನು ರಿಪ್ಲೈ ಆಲ್ ಬಟನ್ ಮುಟ್ಟುವುದೇ ಇಲ್ಲ. ಯಾವಾಗಲೂ ಬರೀ ರಿಪ್ಲೈ. ರಿಪ್ಲೈ ಒತ್ತಿದರೆ ಕಳಿಸಿದವರಿಗೆ ಮಾತ್ರ ಹೋಗುತ್ತದೆ, ತಲೆನೋವೇ ಇಲ್ಲ.

ಸುಮ್ಮನಿರೋಣ

ಔಟ್‌ಲುಕ್‌ನಲ್ಲಿ ರೀಕಾಲ್ ಅಂತ ಇದೆ ನೋಡಿ ಮೇಡಂ. ಕಳಿಸಿದ ಮೇಲ್ ವಾಪಸ್ ತೆಗೆದುಕೊಳ್ಳಬಹುದು. ನಮ್ಮ ಆಫೀಸಿನಲ್ಲಿ ಸಂಬಳದ ಶೀಟ್ ತಪ್ಪಾಗಿ ಹೋದಾಗ ಐಟಿಯವರು ಹಾಗೇ ಮಾಡಿದರು. ಬೇಗ ಮಾಡಿ.

ಅಂಚೆಪೆಟ್ಟಿಗೆ

ರೀಕಾಲ್ ಮಾಡಲು ಹೋಗಬೇಡಿ, ದಯವಿಟ್ಟು. ಅದು ಒಂದೇ ಸಂಸ್ಥೆಯೊಳಗಿನ ಮೇಲ್‌ಬಾಕ್ಸುಗಳ ನಡುವೆ ಮಾತ್ರ ನಡೆಯುತ್ತದೆ. ಸುಮ್ಮನಿರೋಣ ಅವರ ಸಂಬಳದ ಶೀಟ್ ಒಳಗಿನವರಿಗೇ ಹೋಗಿತ್ತು, ಅದಕ್ಕೆ ಕೆಲಸ ಮಾಡಿತು. ಬೆಳಗಾವಿಯವರ ಮೇಲ್‌ಬಾಕ್ಸ್ ನಿಮ್ಮ ಕೈಯಲ್ಲಿಲ್ಲ. ಹೊರಗಿನವರಿಗೆ ರೀಕಾಲ್ ಕೊಟ್ಟರೆ "ಇಂಥವರು ಈ ಮೇಲ್ ವಾಪಸ್ ಬಯಸಿದ್ದಾರೆ" ಅಂತ ಇನ್ನೊಂದು ಮೇಲ್ ಹೋಗಿ ಕೂರಬಹುದು. ಓದದೇ ಬಿಟ್ಟವರೂ ಆಗ ಹುಡುಕಿ ಓದುತ್ತಾರೆ. ಅದೂ ಅಲ್ಲದೆ ಅವರು ಓದಿ ಫೋನೂ ಮಾಡಿ ಆಯಿತಲ್ವಾ.

ಇನ್ನು ಲೆಕ್ಕದಪುಸ್ತಕ ಅವರ ಪ್ರಶ್ನೆ. ಕೆರೆಏರಿ ಹೇಳಿದ್ದು ಸರಿಯಲ್ಲ. ನಾನು ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸದವನು, ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನೀವು ಬರೆದ ಮೇಲ್‌ನಲ್ಲಿ ನಿಮ್ಮ ಕಡೆ ಹೀಗೆ ಇತ್ತು (ವಿಳಾಸಗಳು ಉದಾಹರಣೆಗೆ):

```
From: accounts@example.com
To: sales@example.org
Cc: stores@example.com
Bcc: manager@example.com, auditor@example.net
```

ಸೆಂಡ್ ಒತ್ತಿದಾಗ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ. ಮೊದಲು ನಿಮ್ಮ ಕಡೆಯಿಂದ ಸರ್ವರಿಗೆ "ಇದನ್ನು ಯಾರ್ಯಾರಿಗೆ ತಲುಪಿಸಬೇಕು" ಅನ್ನುವ ಪಟ್ಟಿ ಹೋಗುತ್ತದೆ. ಅದರಲ್ಲಿ ನಾಲ್ಕೂ ವಿಳಾಸ ಇರುತ್ತವೆ. ಆಮೇಲೆ ಪತ್ರ ಹೋಗುತ್ತದೆ. ಆ ಪತ್ರದಿಂದ ಬಿಸಿಸಿ ಸಾಲನ್ನೇ ತೆಗೆದಿರುತ್ತಾರೆ:

```
RCPT TO:<sales@example.org>
RCPT TO:<stores@example.com>
RCPT TO:<manager@example.com>
RCPT TO:<auditor@example.net>
DATA
From: accounts@example.com
To: sales@example.org
Cc: stores@example.com
```

ಮೇಲಿನ ಪಟ್ಟಿ ಲಕೋಟೆಯ ಮೇಲಿನ ವಿಳಾಸ ಇದ್ದ ಹಾಗೆ. ತಲುಪಿದ ಮೇಲೆ ಅದರ ಕೆಲಸ ಮುಗಿಯಿತು. ಫೌಂಡ್ರಿಯವರಿಗೆ ಸಿಕ್ಕಿದ್ದೂ, ಮ್ಯಾನೇಜರಿಗೆ ಸಿಕ್ಕಿದ್ದೂ, ಆಡಿಟರಿಗೆ ಸಿಕ್ಕಿದ್ದೂ ಒಂದೇ ಪತ್ರ. ಅದರಲ್ಲಿ ಟು ಮತ್ತು ಸಿಸಿ ಮಾತ್ರ ಇದೆ.

ರಿಪ್ಲೈ ಆಲ್ ಒತ್ತಿದಾಗ ಆ ಆ್ಯಪ್ ಏನು ಮಾಡುತ್ತದೆ? ಕೈಯಲ್ಲಿರುವ ಪತ್ರ ನೋಡುತ್ತದೆ. ಕಳಿಸಿದವರು, ಟು, ಸಿಸಿ, ಇಷ್ಟನ್ನು ಎತ್ತಿಕೊಂಡು ಒತ್ತಿದವರ ಸ್ವಂತ ವಿಳಾಸ ತೆಗೆದುಹಾಕುತ್ತದೆ. ಪತ್ರದಲ್ಲೇ ಇಲ್ಲದ ಆಡಿಟರ್ ವಿಳಾಸವನ್ನು ಅದು ಎಲ್ಲಿಂದ ತರಬೇಕು? ಮ್ಯಾನೇಜರ್ ಉತ್ತರ ಹೋಗಿದ್ದು ನಿಮಗೆ, ಫೌಂಡ್ರಿಗೆ, ಸ್ಟೋರ್ಸಿಗೆ. ಆಡಿಟರಿಗೆ ಅದು ಹೋಗಿಲ್ಲ. ಅವರ ವಿಳಾಸ ಯಾರಿಗೂ ಕಂಡಿಲ್ಲ, ಮ್ಯಾನೇಜರಿಗೂ ಕಂಡಿಲ್ಲ. ಮೊದಲ ಎರಡು ಪ್ರಶ್ನೆಗೆ ನೆಮ್ಮದಿಯ ಉತ್ತರ.

ಮೂರನೆಯದು ಹಾಗಲ್ಲ. ಮ್ಯಾನೇಜರ್ ಬಿಸಿಸಿಯಲ್ಲಿದ್ದರು ಅಂತ ಅವರು ಹೆಚ್ಚುಕಡಿಮೆ ಖಚಿತವಾಗಿಯೇ ಹೇಳಬಹುದು. ನೀವು ಫಾರ್ವರ್ಡ್ ಮಾಡಿದ್ದರೆ, ಮ್ಯಾನೇಜರ್ ಕೈಗೆ ಬರುವುದು ನೀವು ಅವರಿಗೊಬ್ಬರಿಗೇ ಕಳಿಸಿದ ಹೊಸ ಮೇಲ್. ಫೌಂಡ್ರಿಯ ವಿಳಾಸ ಅದರ ಒಡಲಿನಲ್ಲಿ ಬರೀ ಅಕ್ಷರವಾಗಿ ಇರುತ್ತದೆ. ಅದಕ್ಕೆ ರಿಪ್ಲೈ ಆಲ್ ಒತ್ತಿದರೆ ನಿಮಗೆ ಮಾತ್ರ ಬರುತ್ತಿತ್ತು, ಬೆಳಗಾವಿಗೆ ಹೋಗುತ್ತಲೇ ಇರಲಿಲ್ಲ. ಅದೂ ಅಲ್ಲದೆ ಪ್ರತಿ ಉತ್ತರದ ಹೆಡರಿನಲ್ಲಿ `In-Reply-To:` ಅಂತ ಒಂದು ಸಾಲು ಇರುತ್ತದೆ. ಯಾವ ಮೇಲ್‌ಗೆ ಇದು ಉತ್ತರ ಅನ್ನುವ ಗುರುತು ಅದು. ಆ ಗುರುತು ಅವರ ಹತ್ತಿರ ಇರುವ ಮೂಲ ಮೇಲ್‌ದೇ ಆಗಿರುತ್ತದೆ. ಹಾಗಾಗಿ ಫಾರ್ವರ್ಡ್ ಮಾಡಿದ್ದೆ ಅನ್ನುವ ಕಥೆ ಬೇಡ. ಸ್ವಲ್ಪ ತಿಳಿದವರು ಹಿಡಿದುಬಿಡುತ್ತಾರೆ.

ಕೆರೆಏರಿ

ಓ, ಹಾಗಾ. ಬಿಸಿಸಿಯವರಿಗೂ ಹೋಗುತ್ತದೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಆದರೂ ನನ್ನ ಎರಡನೇ ಮಾತು ಸರಿ ತಾನೇ? ಬರೀ ರಿಪ್ಲೈ ಒತ್ತಿದ್ದರೆ ಈ ಫಜೀತಿಯೇ ಇರಲಿಲ್ಲ.

ಮೂರನೇಮಹಡಿ

ಬರೀ ರಿಪ್ಲೈ ಸೇಫ್ ಅಂತ ಯಾರಪ್ಪ ಹೇಳಿದ್ದು? ನಮ್ಮ ಅಪಾರ್ಟ್‌ಮೆಂಟ್ ಕಥೆ ಕೇಳಿ. ಓನರ್ಸ್ ಅಸೋಸಿಯೇಷನ್ನಿಗೆ ಗೂಗಲ್ ಗ್ರೂಪಿನಲ್ಲಿ ಒಂದು ಗ್ರೂಪ್ ಮೇಲ್ ವಿಳಾಸ ಇದೆ. ಆ ವಿಳಾಸಕ್ಕೆ ಕಳಿಸಿದರೆ ಎಲ್ಲ ಮನೆಗಳಿಗೂ ಹೋಗುತ್ತದೆ. ಕಾರ್ಯದರ್ಶಿ ನಾನೇ. ನೀರಿನ ಟ್ಯಾಂಕ್ ತೊಳೆಯುವ ದಿನ ತಿಳಿಸಿ ಮೇಲ್ ಹಾಕಿದೆ. ಐದನೇ ಮಹಡಿಯ ಒಬ್ಬರು ರಿಪ್ಲೈ ಒತ್ತಿ, ಆಲ್ ಅಲ್ಲ, ಬರೀ ರಿಪ್ಲೈ, "ಸರ್, ಟ್ಯಾಂಕ್ ಇರಲಿ, ಪಕ್ಕದ ಮನೆಯವರು ಮೇಂಟೆನೆನ್ಸ್ ಕಟ್ಟಿ ಎಷ್ಟು ದಿನ ಆಯ್ತು ಸ್ವಲ್ಪ ನೋಡಿ" ಅಂತ ಬರೆದರು. ನನಗೊಬ್ಬನಿಗೆ ಅಂತ ಬರೆದಿದ್ದು ಇಡೀ ಕಟ್ಟಡಕ್ಕೆ ಹೋಯಿತು. ಪಕ್ಕದ ಮನೆಯವರಿಗೂ ಹೋಯಿತು. ಲಿಫ್ಟಿನಲ್ಲಿ ಅವರಿಬ್ಬರೂ ಇವತ್ತಿಗೂ ಒಟ್ಟಿಗೆ ಹತ್ತುವುದಿಲ್ಲ.

ಗೂಗಲ್‌ನವರದೇ ತಪ್ಪು ಅನ್ನಿಸಿತು ನನಗೆ.

ಅಂಚೆಪೆಟ್ಟಿಗೆ

ಗೂಗಲ್‌ನವರ ತಪ್ಪಲ್ಲ ಸರ್, ನಿಮ್ಮ ಗ್ರೂಪಿನ ಸೆಟ್ಟಿಂಗ್. ಮೇಲ್‌ನಲ್ಲಿ ಇನ್ನೊಂದು ಸಾಲು ಇರಬಹುದು:

```
From: secretary@example.com
To: owners@example.org
Reply-To: owners@example.org
```

`Reply-To` ಇದ್ದರೆ ಬರೀ ರಿಪ್ಲೈ ಒತ್ತಿದರೂ ಉತ್ತರ ಆ ವಿಳಾಸಕ್ಕೇ ಹೋಗುತ್ತದೆ, ಕಳಿಸಿದವರಿಗಲ್ಲ. ಆ ವಿಳಾಸ ಇಡೀ ಗ್ರೂಪಿನದಾಗಿದ್ದರೆ ರಿಪ್ಲೈ ಕೂಡ ರಿಪ್ಲೈ ಆಲ್ ಆಗಿಬಿಡುತ್ತದೆ. ಗ್ರೂಪ್ ನಡೆಸುವವರು ಉತ್ತರಗಳು ಬರೆದವರಿಗೆ ಮಾತ್ರ ಹೋಗಲಿ ಅಂತ ಬದಲಾಯಿಸಬಹುದು. ಸೂಚನೆ ಕಳಿಸುವುದಕ್ಕಷ್ಟೇ ಇರುವ ಗ್ರೂಪಾದರೆ, ಸಮಿತಿಯವರನ್ನು ಬಿಟ್ಟು ಬೇರೆಯವರು ಬರೆಯದ ಹಾಗೆ ಬೀಗ ಹಾಕಬಹುದು. ನಿಮ್ಮದಕ್ಕೆ ಎರಡನೆಯದು ಒಳ್ಳೆಯದು.

ಓದುವವರ ಕಡೆಯಿಂದ ಪತ್ತೆ ಮಾಡುವುದು ಸುಲಭ. ರಿಪ್ಲೈ ಒತ್ತಿದ ಮೇಲೆ ಬರೆಯುವ ಮುಂಚೆ ಟು ಸಾಲು ನೋಡಿ. ಮನುಷ್ಯರ ಹೆಸರಿನ ಬದಲು ಗ್ರೂಪಿನ ಹೆಸರು ಕಂಡರೆ ಅದನ್ನು ಅಳಿಸಿ ಬೇಕಾದವರ ವಿಳಾಸ ಹಾಕಿ. ಫೋನಿನಲ್ಲಿ ಆ ಸಾಲು ಚಿಕ್ಕದಾಗಿ ಮುಚ್ಚಿಕೊಂಡಿರುತ್ತದೆ. ಒತ್ತಿ ಬಿಡಿಸಿ ನೋಡಬೇಕು.

ಮೂರನೇಮಹಡಿ

ಹಾಗಾದರೆ ಗ್ರೂಪ್ ವಿಳಾಸವನ್ನೇ ಬಿಸಿಸಿಯಲ್ಲಿ ಹಾಕಿ ಕಳಿಸಿದರೆ? ಆಗ ರಿಪ್ಲೈ ಆಲ್ ಒತ್ತಿದರೂ ಗ್ರೂಪಿಗೆ ಹೋಗಬಾರದಲ್ವಾ?

ಅಂಚೆಪೆಟ್ಟಿಗೆ

ಆಫೀಸಿನ ಸಾಮಾನ್ಯ ಹಂಚಿಕೆ ಪಟ್ಟಿಗಾದರೆ ಹೌದು, ದೊಡ್ಡ ಕಂಪನಿಗಳಲ್ಲಿ ಹಾಗೇ ಮಾಡುತ್ತಾರೆ. ಆದರೆ ನಿಮ್ಮ ಗ್ರೂಪು ತಾನೇ `Reply-To` ಅಂಟಿಸುತ್ತಿದ್ದರೆ ಬಿಸಿಸಿ ಕೆಲಸಕ್ಕೆ ಬರುವುದಿಲ್ಲ. ಗ್ರೂಪಿನ ಮೂಲಕ ಹಾದುಹೋಗುವಾಗ ಅದು ಮತ್ತೆ ಸೇರಿಕೊಳ್ಳುತ್ತದೆ. ಮೊದಲು ಸೆಟ್ಟಿಂಗ್ ಸರಿಮಾಡಿ.

ಥೇಮ್ಸ್‌ದಡ

ನಾನು ಇಂಗ್ಲೆಂಡಿನಲ್ಲಿ ಆಸ್ಪತ್ರೆಯೊಂದರ ಐಟಿಯಲ್ಲಿದ್ದೇನೆ, ಮೂಲ ಶಿವಮೊಗ್ಗ. ಗ್ರೂಪ್ ಮೇಲ್ ಮಾತು ಬಂತಲ್ಲ, ಅದಕ್ಕೆ ಇಲ್ಲಿಯ ಎರಡು ಪ್ರಕರಣ ಹೇಳುತ್ತೇನೆ.

ಒಂದು 2016ರ ನವೆಂಬರ್‌ನದು. ಇಲ್ಲಿಯ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಮೇಲ್‌ನಲ್ಲಿ ಯಾರೋ ಒಬ್ಬರು ಒಂದು ಪಟ್ಟಿಗೆ ಪರೀಕ್ಷೆಯ ಮೇಲ್ ಕಳಿಸಿದರು. ಆ ಪಟ್ಟಿಯೊಳಗೆ ದೇಶದ ಎಲ್ಲ ಎನ್‌ಎಚ್‌ಎಸ್ ಮೇಲ್ ಖಾತೆಗಳೂ ಸೇರಿಬಿಟ್ಟಿದ್ದವು, ಸುಮಾರು 8 ಲಕ್ಷ 40 ಸಾವಿರ. ಆ ಒಂದು ಮೇಲ್‌ನಿಂದ ದೊಡ್ಡ ತೊಂದರೆ ಆಗುತ್ತಿರಲಿಲ್ಲ. ಜನ ರಿಪ್ಲೈ ಆಲ್ ಒತ್ತಿ "ನನ್ನನ್ನು ಈ ಪಟ್ಟಿಯಿಂದ ತೆಗೆಯಿರಿ" ಅಂತ ಬರೆಯಲು ಶುರುಮಾಡಿದರು. ಪ್ರತಿ ಕೋರಿಕೆಯೂ ಮತ್ತೆ ಎಂಟು ಲಕ್ಷ ಜನಕ್ಕೆ. ಅದರ ಮೇಲೆ "ದಯವಿಟ್ಟು ರಿಪ್ಲೈ ಆಲ್ ಒತ್ತಬೇಡಿ" ಅನ್ನುವವರು, ಅದನ್ನೂ ರಿಪ್ಲೈ ಆಲ್‌ನಲ್ಲೇ. ದಿನವಿಡೀ ಮೇಲ್ ಎಳೆದಾಡಿತು.

ಇನ್ನೊಂದು ನಗುವಂಥದ್ದಲ್ಲ. ಇಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಸರಕಾರ ಒಂದು ಸ್ವತಂತ್ರ ವಿಚಾರಣಾ ಮಂಡಳಿ ನೇಮಿಸಿತ್ತು. 2017ರ ಫೆಬ್ರವರಿಯಲ್ಲಿ ಅಲ್ಲಿನ ಸಿಬ್ಬಂದಿಯೊಬ್ಬರು ವಿಚಾರಣೆಯ ಬಗ್ಗೆ ತಿಳಿಸಲು 90 ಜನಕ್ಕೆ ಮೇಲ್ ಕಳಿಸಿದರು. ಅವರಲ್ಲಿ ದೌರ್ಜನ್ಯಕ್ಕೆ ಒಳಗಾದವರೂ ಇರಬಹುದಾಗಿತ್ತು. ಕಳಿಸಿದ್ದು ಬಿಸಿಸಿಯಲ್ಲೇ, ಸರಿಯಾಗಿಯೇ. ಆಮೇಲೆ ಮೇಲ್‌ನಲ್ಲಿ ಒಂದು ತಪ್ಪು ಇದ್ದದ್ದು ಕಂಡಿತು. ತಿದ್ದುಪಡಿ ಕಳಿಸುವ ಅವಸರದಲ್ಲಿ ವಿಳಾಸಗಳನ್ನು ಟು-ನಲ್ಲಿ ಹಾಕಿಬಿಟ್ಟರು. 90 ಜನಕ್ಕೂ 90 ವಿಳಾಸ ಕಂಡಿತು, ಅರ್ಧಕ್ಕಿಂತ ಜಾಸ್ತಿ ವಿಳಾಸಗಳಲ್ಲಿ ಪೂರ್ತಿ ಹೆಸರೇ ಇತ್ತು. ಮುಂದಿನ ವರ್ಷ ಮಾಹಿತಿ ಆಯುಕ್ತರ ಕಚೇರಿ 2 ಲಕ್ಷ ಪೌಂಡ್ ದಂಡ ಹಾಕಿತು.

ಇದನ್ನು ನಾನು ಹೊಸಬರಿಗೆ ಟ್ರೇನಿಂಗ್ ಕೊಡುವಾಗ ಹೇಳುತ್ತಿರುತ್ತೇನೆ. ಮೊದಲ ಮೇಲ್ ಎಲ್ಲರೂ ಹುಷಾರಾಗಿ ಕಳಿಸುತ್ತಾರೆ. ಜಾರುವುದು ಎರಡನೆಯದರಲ್ಲಿ, "ಕ್ಷಮಿಸಿ, ದಿನಾಂಕ ತಪ್ಪಾಗಿತ್ತು" ಅನ್ನುವುದರಲ್ಲಿ.

ಸುಮ್ಮನಿರೋಣ

ನಮ್ಮ ಮಗಳ ಶಾಲೆಯಿಂದ ಹೀಗೇ ಎಲ್ಲ ಅಪ್ಪ ಅಮ್ಮಂದಿರ ವಿಳಾಸ ಸಿಸಿಯಲ್ಲಿ ಬಂದಿತ್ತು. ಅದಾದ ಮೇಲೆ ಟ್ಯೂಷನ್ನಿನವರು, ಇನ್ಶೂರೆನ್ಸಿನವರು, ಸೈಟ್ ಮಾರುವವರು, ಎಲ್ಲರ ಮೇಲೂ ಶುರು. ಯಾರೋ ಪೋಷಕರೇ ಪಟ್ಟಿ ಎತ್ತಿಕೊಂಡಿದ್ದರು ಅನ್ನಿಸುತ್ತದೆ. ಬಿಸಿಸಿ ಹಾಕಿ ಅಂತ ಹೇಳಿದ್ದಕ್ಕೆ "ಹಾಗೆ ಕಳಿಸಿದರೆ ಮೇಲ್ ಸ್ಪ್ಯಾಮಿಗೆ ಹೋಗುತ್ತದೆ ಸರ್" ಅಂದರು. ನಿಜವಾ?

ಅಂಚೆಪೆಟ್ಟಿಗೆ

ಸ್ವಲ್ಪ ನಿಜ. ನೂರಾರು ವಿಳಾಸ ಬಿಸಿಸಿಯಲ್ಲಿ ತುಂಬಿ ಕಳಿಸುವುದು ಸ್ಪ್ಯಾಮ್ ಕಳಿಸುವವರ ಚಾಳಿಯೂ ಹೌದು, ಫಿಲ್ಟರುಗಳಿಗೆ ಅನುಮಾನ ಬರಬಹುದು. ಜೊತೆಗೆ ಮಾಮೂಲಿ ಜಿಮೇಲ್ ಖಾತೆಯಿಂದ ಒಂದು ಮೇಲ್‌ನಲ್ಲಿ 500 ಜನರಿಗಿಂತ ಜಾಸ್ತಿ ಹಾಕಲು ಬಿಡುವುದಿಲ್ಲ. ಆದರೆ ಅದಕ್ಕೆ ಪರಿಹಾರ ಸಿಸಿ ಅಲ್ಲ. ಮೇಲ್ ಮರ್ಜ್ ಮಾಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಮೇಲ್ ಹೋಗುವ ಹಾಗೆ ಕಳಿಸಬೇಕು. ಆಗ ಸಿಸಿಯೂ ಇಲ್ಲ, ಬಿಸಿಸಿಯೂ ಇಲ್ಲ. ಪ್ರತಿಯೊಬ್ಬರಿಗೂ ಟು-ನಲ್ಲಿ ತಮ್ಮ ವಿಳಾಸ ಒಂದೇ ಕಾಣುತ್ತದೆ. ಥೇಮ್ಸ್‌ದಡ ಹೇಳಿದ ತಿದ್ದುಪಡಿ ಮೇಲ್ ಅಪಾಯಕ್ಕೂ ಇದೇ ಮದ್ದು. ಕೈಯಿಂದ ಆಯ್ಕೆ ಮಾಡುವ ಜಾಗವೇ ಇಲ್ಲದಿದ್ದರೆ ತಪ್ಪು ಜಾಗಕ್ಕೆ ಹಾಕುವ ಪ್ರಶ್ನೆ ಬರುವುದಿಲ್ಲ.

ರಿಪ್ಲೈ ಆಲ್ ಬಿರುಗಾಳಿಗೆ ಮೈಕ್ರೋಸಾಫ್ಟ್‌ನವರು 2020ರಲ್ಲಿ ತಮ್ಮ ಎಕ್ಸ್‌ಚೇಂಜ್ ಆನ್‌ಲೈನ್ ಮೇಲ್ ಸೇವೆಯಲ್ಲಿ ಒಂದು ತಡೆ ತಂದರು. ಶುರುವಿನಲ್ಲಿ ಅದರ ಲೆಕ್ಕ ಹೀಗಿತ್ತು: 5,000ಕ್ಕೂ ಜಾಸ್ತಿ ಜನ ಇರುವ ಮೇಲ್‌ಗೆ ಒಂದು ಗಂಟೆಯೊಳಗೆ 10 ರಿಪ್ಲೈ ಆಲ್ ಬಂದರೆ, ಮುಂದಿನ ನಾಲ್ಕು ಗಂಟೆ ಆ ಮೇಲ್‌ಗೆ ರಿಪ್ಲೈ ಆಲ್ ನಡೆಯುವುದಿಲ್ಲ. ನಮ್ಮ ನಿಮ್ಮ ಅಪಾರ್ಟ್‌ಮೆಂಟಿಗೆ ಅದು ಉಪಯೋಗವಿಲ್ಲ ಬಿಡಿ.

ಹಳೇಗುಮಾಸ್ತ

ನಾನು ನಿವೃತ್ತ. ತಾಂತ್ರಿಕ ವಿಷಯ ಅಂಚೆಪೆಟ್ಟಿಗೆಯವರು ಚೆನ್ನಾಗಿ ಹೇಳಿದ್ದಾರೆ. ನಾನು ಬೇರೆ ಮಾತು ಹೇಳುತ್ತೇನೆ. ನಮ್ಮ ಕಚೇರಿಯಲ್ಲಿ ಯಾವ ಪತ್ರ ಹೋದರೂ ಕೆಳಗೆ ಎಡಗಡೆ ಪ್ರತಿ ಯಾರ್ಯಾರಿಗೆ ಅಂತ ಸಾಲಾಗಿ ಬರೆದಿರುತ್ತಿತ್ತು. ಮೇಲಧಿಕಾರಿಗಳಿಗೆ ಮಾಹಿತಿಗಾಗಿ, ಇಂಥ ಶಾಖೆಗೆ ಮುಂದಿನ ಕ್ರಮಕ್ಕಾಗಿ, ಒಂದು ಕಚೇರಿ ಪ್ರತಿ. ಪತ್ರ ಕೈಗೆ ಬಂದವನಿಗೆ ಇನ್ನು ಯಾರು ಓದುತ್ತಿದ್ದಾರೆ ಅಂತ ಗೊತ್ತಿರುತ್ತಿತ್ತು. ಯಾರು ಬರೀ ಓದಬೇಕು, ಯಾರು ಕೆಲಸ ಮಾಡಬೇಕು ಅನ್ನುವುದೂ ಅಲ್ಲೇ ಇರುತ್ತಿತ್ತು.

ಮ್ಯಾನೇಜರ್ ನೋಡುತ್ತಿದ್ದಾರೆ ಅನ್ನುವುದನ್ನು ಫೌಂಡ್ರಿಯವರಿಂದ ಮುಚ್ಚಿಡಬೇಕಾದ ಕಾರಣವೇನು ತಂಗಿ? ಸಿಸಿಯಲ್ಲಿ ಹಾಕಿದ್ದರೆ ಅವರು ರಿಪ್ಲೈ ಆಲ್ ಒತ್ತಿದಾಗಲೂ ಇಷ್ಟು ಅವಮಾನ ಆಗುತ್ತಿರಲಿಲ್ಲ. ಬಿಸಿಸಿ ಅಂದರೆ ಬಾಗಿಲ ಸಂದಿಯಿಂದ ಕೇಳುವುದು. ಸಿಕ್ಕಿಬಿದ್ದಾಗ ಆಡಿದ ಮಾತಿಗಿಂತ ಅಲ್ಲಿ ನಿಂತಿದ್ದೇ ಜಾಸ್ತಿ ಬೇಜಾರು ಮಾಡುತ್ತದೆ.

ಥೇಮ್ಸ್‌ದಡ

ಯಜಮಾನರೇ, ಎಲ್ಲ ಬಿಸಿಸಿಯೂ ಹಾಗಲ್ಲ. ನಾನು ಹೇಳಿದ 90 ಜನರ ಮೇಲ್‌ನಲ್ಲಿ ಬಿಸಿಸಿ ಬೇಕಾಗಿದ್ದೇ ಅವರನ್ನು ಕಾಪಾಡುವುದಕ್ಕೆ. ಇನ್ನೊಂದು ಒಳ್ಳೆಯ ಬಳಕೆಯೂ ಇದೆ. ಯಾರೋ ನಮಗೆ ಇನ್ನೊಬ್ಬರನ್ನು ಮೇಲ್‌ನಲ್ಲಿ ಪರಿಚಯ ಮಾಡಿಸುತ್ತಾರೆ. ಉತ್ತರ ಬರೆಯುವಾಗ ಪರಿಚಯ ಮಾಡಿಸಿದವರನ್ನು ಬಿಸಿಸಿಗೆ ಸರಿಸಿ, "ಥ್ಯಾಂಕ್ಸ್, ನಿಮ್ಮನ್ನು ಬಿಸಿಸಿಗೆ ಹಾಕಿದ್ದೇನೆ" ಅಂತ ಮೊದಲ ಸಾಲಿನಲ್ಲೇ ಬರೆಯುತ್ತೇವೆ. ಅವರಿಗೆ ಆ ಒಂದು ಮೇಲ್ ಸಿಗುತ್ತದೆ. ಮುಂದೆ ನಾವಿಬ್ಬರು ಯಾವ ದಿನ, ಎಷ್ಟು ಹೊತ್ತಿಗೆ ಅಂತ ಎಳೆದಾಡುವ ಇಪ್ಪತ್ತು ಮೇಲ್ ಅವರಿಗೆ ಹೋಗುವುದಿಲ್ಲ. ಇಲ್ಲಿ ಯಾರಿಂದಲೂ ಏನೂ ಮುಚ್ಚಿಟ್ಟಿಲ್ಲ.

ಹಳೇಗುಮಾಸ್ತ

ಅದು ಒಪ್ಪುತ್ತೇನೆ. ಹೇಳಿ ಮಾಡಿದರೆ ತೊಂದರೆ ಇಲ್ಲ. ಹೇಳದೆ ಮೇಲಿನವರನ್ನು ಕೂರಿಸುವುದನ್ನು ನಾನು ಒಪ್ಪುವುದಿಲ್ಲ.

ಅಂಚೆಪೆಟ್ಟಿಗೆ

ಸರಿ ತಪ್ಪು ಬಿಡಿ, ಮೇಲಿನವರನ್ನು ಬಿಸಿಸಿಯಲ್ಲಿ ಕೂರಿಸಿದರೆ ಉಪಯೋಗವೂ ಕಡಿಮೆ. ಲೆಕ್ಕದಪುಸ್ತಕ ಅವರೇ, ನಿಮ್ಮ ಮ್ಯಾನೇಜರ್ "ನೋಡ್ತಿರ್ತೀನಿ" ಅಂದರಲ್ಲ, ಅವರು ನೋಡಿದ್ದು ನಿಮ್ಮ ಒಂದು ಮೇಲ್ ಮಾತ್ರ. ಫೌಂಡ್ರಿಯವರು ಅದಕ್ಕೆ ರಿಪ್ಲೈ ಆಲ್ ಒತ್ತಿ ಉತ್ತರಿಸಿದ್ದರೂ ನಿಮಗೆ, ಸ್ಟೋರ್ಸಿಗೆ ಬರುತ್ತಿತ್ತು. ಮ್ಯಾನೇಜರಿಗೆ ಹೋಗುತ್ತಿರಲಿಲ್ಲ. ಬಿಸಿಸಿ ಒಂದು ಸಲಕ್ಕೆ ಮಾತ್ರ. ಎಷ್ಟೋ ಕಡೆ "ನಿಮಗೆ ಬಿಸಿಸಿ ಹಾಕಿದ್ದೆನಲ್ಲ ಸರ್" ಅಂತ ಇವರು, "ಅವರ ಉತ್ತರ ನನಗೆ ಬಂದೇ ಇಲ್ಲ" ಅಂತ ಅವರು, ಜಗಳ ನೋಡಿದ್ದೇನೆ.

ನನ್ನ ಅಭ್ಯಾಸ ಬೇರೆ. ಮೇಲ್ ಕಳಿಸಿ, ಆಮೇಲೆ ಸೆಂಟ್ ಫೋಲ್ಡರಿನಿಂದ ಅದನ್ನು ಮ್ಯಾನೇಜರಿಗೆ ಫಾರ್ವರ್ಡ್ ಮಾಡುತ್ತೇನೆ. ಅವರು ಯಾವ ಬಟನ್ ಒತ್ತಿದರೂ ನನಗೊಬ್ಬನಿಗೇ ಬರುತ್ತದೆ. ಒಂದೇ ಎಚ್ಚರ: ಫಾರ್ವರ್ಡಿಗೆ ಬದಲು ಸೆಂಟ್ ಮೇಲ್ ತೆರೆದು ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿನಲ್ಲಿ ಹಾಕುವವರಿದ್ದಾರೆ. ಕಳಿಸಿದವರ ಪ್ರತಿಯಲ್ಲಿ ಬಿಸಿಸಿ ಸಾಲು ಉಳಿದಿರುತ್ತದೆ. ವಿವರ ಬಿಡಿಸಿ ತೆಗೆದ ಚಿತ್ರದಲ್ಲಿ ಅದೂ ಬರುತ್ತದೆ.

ಫಾರ್ವರ್ಡ್ ಮಾಡುವಾಗ, ಹೊಸಬರನ್ನು ಸಿಸಿಗೆ ಸೇರಿಸುವಾಗ ಇನ್ನೊಂದು ನೋಡಿಕೊಳ್ಳಿ. ಕೆಳಗೆ ಹಳೆಯ ಮೇಲ್‌ಗಳ ಬಾಲ ಇರುತ್ತದೆ. ಮೇಲಿನ ಎರಡು ಸಾಲು ಎಷ್ಟು ನಯವಾಗಿದ್ದರೂ ಸರಿ, ಮೂರು ವಾರದ ಹಿಂದೆ "ಈ ಗಿರಾಕಿಗೆ ಏನೂ ಅರ್ಥ ಆಗಲ್ಲ" ಅಂತ ಬರೆದಿದ್ದನ್ನು ಆ ಗಿರಾಕಿಯೇ ಕೆಳಗೆ ಎಳೆದು ಓದುತ್ತಾನೆ. ಸಿಸಿಯಲ್ಲಿ ನಾನು ನೋಡಿದ ಪೇಚುಗಳಲ್ಲಿ ಇದೇ ಜಾಸ್ತಿ.

ಕೆರೆಏರಿ

ಬಿಸಿಸಿಯಲ್ಲಿ ಬಂದಿದೆ ಅಂತ ಬಂದವರಿಗೆ ಗೊತ್ತಾಗುವುದು ಹೇಗೆ? ಮ್ಯಾನೇಜರಿಗೆ ತಾನು ಬಿಸಿಸಿಯಲ್ಲಿದ್ದೇನೆ ಅಂತ ನೆನಪಿದ್ದರೆ ಒತ್ತುತ್ತಲೇ ಇರಲಿಲ್ಲವಲ್ಲ.

ಅಂಚೆಪೆಟ್ಟಿಗೆ

ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಕೆಳಗೆ `bcc: me` ಅಂತ ಇರುತ್ತದೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ. ಬೇರೆ ಆ್ಯಪ್‌ಗಳಲ್ಲಿ ಟು, ಸಿಸಿ ಎರಡರಲ್ಲೂ ನಿಮ್ಮ ವಿಳಾಸ ಇಲ್ಲದಿದ್ದರೆ ಒಂದೋ ಬಿಸಿಸಿ, ಇಲ್ಲವೇ ಯಾವುದೋ ಗ್ರೂಪಿನ ಮೂಲಕ ಬಂದಿದೆ. ಎರಡರಲ್ಲಿ ಯಾವುದಾದರೂ ರಿಪ್ಲೈ ಆಲ್ ಒತ್ತುವ ಮೇಲ್ ಅಲ್ಲ.

ಲೆಕ್ಕದಪುಸ್ತಕ

ಎಲ್ಲರಿಗೂ ಥ್ಯಾಂಕ್ಸ್. ಆಡಿಟರ್ ವಿಷಯ ಕೇಳಿ ಜೀವ ಬಂತು. ಇವತ್ತು ಏನಾಯಿತು ಅಂತ ಹೇಳುತ್ತೇನೆ.

ಮ್ಯಾನೇಜರ್ ಫೋನ್ ಇಸಿದುಕೊಂಡು ನೋಡಿದೆ. ಆಂಡ್ರಾಯ್ಡ್ ಫೋನಿನ ಜಿಮೇಲ್ ಸೆಟ್ಟಿಂಗಿನಲ್ಲಿ `Default reply action` ಅಂತ ಇದೆ. ಅವರದರಲ್ಲಿ `Reply all` ಇತ್ತು! ಯಾವಾಗ ಹಾಗೆ ಮಾಡಿಕೊಂಡರೋ ಅವರಿಗೇ ಗೊತ್ತಿಲ್ಲ. "ನಾನು ರಿಪ್ಲೈಯೇ ಒತ್ತಿದ್ದು" ಅಂತ ಅವರು ಹೇಳುತ್ತಿದ್ದದ್ದು ಸುಳ್ಳೂ ಅಲ್ಲ. ಕಣ್ಣಿಗೆ ಬಿದ್ದ ಬಾಣದ ಗುರುತು ಒತ್ತಿದ್ದಾರೆ. ಅದನ್ನು `Reply`ಗೆ ಬದಲಾಯಿಸಿದೆ. ಕಂಪ್ಯೂಟರಿನಲ್ಲೂ `Undo Send` ಐದು ಸೆಕೆಂಡ್ ಇದ್ದದ್ದನ್ನು 30ಕ್ಕೆ ಏರಿಸಿಕೊಟ್ಟೆ. ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ ಅದು.

ಫೌಂಡ್ರಿಯವರಿಗೆ ನಾನೇ ಫೋನ್ ಮಾಡಿದೆ. ಹೌದು ಸರ್, ಸಾಹೇಬರಿಗೆ ಆ ಮೇಲ್ ಹೋಗಿತ್ತು ಅಂತ ಹೇಳಿದೆ. ಪೇಮೆಂಟ್ ಹಿಡಿದಿಡುವ ಮಾತು ಸಿಟ್ಟಿನಲ್ಲಿ ಬಂದದ್ದು, ಒಳ್ಳೆಯ ಪೀಸುಗಳ ಹಣ ಹೇಳಿದ ದಿನವೇ ಬರುತ್ತದೆ ಅಂತ ಮ್ಯಾನೇಜರೇ ಫೋನ್ ತೆಗೆದುಕೊಂಡು ಹೇಳಿದರು. ಕೊಯಮತ್ತೂರಿನ ಮಾತು ಇಬ್ಬರೂ ಎತ್ತಲಿಲ್ಲ. "ಆತ್ ಬಿಡ್ರಿ" ಅಂದರು ಅವರು. ಆದರೆ ದನಿ ಮೊದಲಿನ ಹಾಗೆ ಇರಲಿಲ್ಲ.

ಸುಮ್ಮನಿರೋಣ

ಆಡಿಟರ್ ಇದ್ದದ್ದು ಹೇಳಿದಿರಾ?

ಲೆಕ್ಕದಪುಸ್ತಕ

ಅವರು ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಳೇಗುಮಾಸ್ತ

ಹೇಳಬೇಕಿತ್ತು ಅಂತ ನನ್ನ ಅಭಿಪ್ರಾಯ. ಮೊದಲ ಫೋನಿನಲ್ಲೇ ಕೇಳಿದ್ದರಲ್ಲ, "ಮತ್ತ ಯಾರ್ಯಾರ್ ಅದಾರ" ಅಂತ.

ಕೆರೆಏರಿ

ಆಡಿಟರ್ ಕಂಪನಿಯ ಕಡೆಯವರು, ಹೊರಗಿನವರಿಗೆ ಹೇಳುವ ಅಗತ್ಯ ಏನಿದೆ ಯಜಮಾನರೇ? ಕೆದಕಿದರೆ ಇನ್ನೂ ಅನುಮಾನ ಜಾಸ್ತಿ.

ಥೇಮ್ಸ್‌ದಡ

ನಾನಾಗಿದ್ದರೆ ಆಡಿಟರಿಗೆ ಡೆಬಿಟ್ ನೋಟ್ ಆದ ಮೇಲೆ ಬೇರೆಯೇ ಮೇಲ್ ಹಾಕುತ್ತಿದ್ದೆ. ಈಗ ಆಗಿದ್ದಕ್ಕೆ ಕೆರೆಏರಿ ಹೇಳಿದ್ದೇ ಸರಿ ಅನ್ನಿಸುತ್ತದೆ.

ಲೆಕ್ಕದಪುಸ್ತಕ

ಈಗ ಇನ್ನೊಂದು. ಫೌಂಡ್ರಿಯಿಂದ ಡೆಬಿಟ್ ನೋಟಿಗೆ ಉತ್ತರ ಬಂದಿದೆ. ಈ ಸಲ ಸಿಸಿಯಲ್ಲಿ ಅವರ ಮಾಲೀಕರು, ನಮ್ಮ ಮ್ಯಾನೇಜರ್, ಸ್ಟೋರ್ಸ್ ಎಲ್ಲರೂ ಇದ್ದಾರೆ. ರಿಜೆಕ್ಟ್ ಆದ ಪೀಸುಗಳ ಫೋಟೋ ಕೇಳಿದ್ದಾರೆ. ನಾನು ಸೇಲ್ಸ್‌ನವರಿಗೆ ಮಾತ್ರ ಉತ್ತರಿಸಲಾ, ರಿಪ್ಲೈ ಆಲ್ ಒತ್ತಲಾ? ಈಗ ಆ ಬಟನ್ ನೋಡಿದರೇ ಕೈ ನಡುಗುತ್ತದೆ.

ಅಂಚೆಪೆಟ್ಟಿಗೆ

ಇಲ್ಲಿ ರಿಪ್ಲೈ ಆಲ್‌ನೇ ಒತ್ತಿ. ಅವರು ಎಲ್ಲರನ್ನೂ ಕಾಣುವ ಹಾಗೆ ಕೂರಿಸಿ ಕೇಳಿದ್ದಾರೆ, ನೀವು ಒಬ್ಬರಿಗೆ ಮಾತ್ರ ಉತ್ತರಿಸಿದರೆ ಅವರ ಮಾಲೀಕರಿಗೆ ಉತ್ತರವೇ ಬರಲಿಲ್ಲ ಅನ್ನಿಸುತ್ತದೆ. ಫೋಟೋಗಳು ಹಳೆಯ ಮೇಲ್‌ನಲ್ಲಿ ಇದ್ದರೂ ಮತ್ತೆ ಸೇರಿಸುವುದು ಮರೆಯಬೇಡಿ. ರಿಪ್ಲೈ ಮಾಡಿದಾಗ ಹಳೆಯ ಮೇಲ್‌ನ ಅಟ್ಯಾಚ್‌ಮೆಂಟ್ ತಾನಾಗಿ ಹೋಗುವುದಿಲ್ಲ, ಫಾರ್ವರ್ಡಿನಲ್ಲಿ ಮಾತ್ರ ಹೋಗುತ್ತದೆ. ಮತ್ತೆ ಕಳಿಸುವ ಮುಂಚೆ ಕೆಳಗಿನ ಬಾಲ ಒಮ್ಮೆ ನೋಡಿ. ಮ್ಯಾನೇಜರ್ ಬರೆದ ಆ ಕೊಯಮತ್ತೂರಿನ ಸಾಲು ಅದರಲ್ಲಿ ಇದ್ದರೆ ಅಳಿಸಿಬಿಡಿ. ಅವರ ಮಾಲೀಕರು ಇನ್ನೂ ಓದಿಲ್ಲದೇ ಇರಬಹುದು.

ಲೆಕ್ಕದಪುಸ್ತಕ

ಇದೆ. ಅಳಿಸುತ್ತೇನೆ.